ತರಗತಿ ಗ್ರೂಪ್ ಮ್ಯೂಟ್ ಮಾಡಿಯೂ ಮಳೆ ರಜೆಯ ಮೆಸೇಜ್ ತಪ್ಪದಿರಲು

ಪ್ರಶ್ನೆ: ಉಡುಪಿಯಲ್ಲಿದ್ದೇವೆ. ಮಗಳ ತರಗತಿ, ಫ್ಲ್ಯಾಟ್, ಭಜನಾ ಮಂಡಳಿ, ಕುಟುಂಬ ಅಂತ ಹನ್ನೆರಡು ವಾಟ್ಸಾಪ್ ಗ್ರೂಪ್ ಉಂಟು. ಮ್ಯೂಟ್ ಮಾಡಿದರೆ ಮಳೆ ರಜೆಯ ಮೆಸೇಜ್ ತಪ್ಪುತ್ತದೆ, ಮಾಡದಿದ್ದರೆ ದಿನವಿಡೀ ಸದ್ದು. ಏನು ಮಾಡುವುದು?

ಎಲ್ಲವನ್ನೂ ಮ್ಯೂಟ್ ಮಾಡಿ, ತರಗತಿಯದ್ದನ್ನೂ. ಆಂಡ್ರಾಯ್ಡ್‌ನಲ್ಲಾದರೆ ಗ್ರೂಪಿನ ಹೆಸರನ್ನು ಒತ್ತಿ ಹಿಡಿದಾಗ ಮೇಲ್ಗಡೆ ಮ್ಯೂಟ್, ಪಿನ್, ಆರ್ಕೈವ್ ಗುರುತುಗಳು ಬರುತ್ತವೆ. ಮ್ಯೂಟ್‌ಗೆ 8 ಗಂಟೆ, 1 ವಾರ, Always ಅಂತ ಕೇಳಿದರೆ Always ಕೊಡಿ. ಉಳಿದೆರಡರ ಅವಧಿ ಮುಗಿದ ಕೂಡಲೇ ಸದ್ದು ಮತ್ತೆ ಶುರು. ಆಮೇಲೆ ತರಗತಿ ಗ್ರೂಪನ್ನು ಪಿನ್ ಮಾಡಿ. ಪಿನ್‌ಗೆ ಸಾಮಾನ್ಯವಾಗಿ ಮೂರೇ ಜಾಗ, ಹಾಗಾಗಿ ಕುಟುಂಬದ ಗ್ರೂಪಿಗೆ ಅದನ್ನು ಖರ್ಚು ಮಾಡಬೇಡಿ. ಭಜನಾ ಮಂಡಳಿಯಂಥವು ಆರ್ಕೈವ್‌ಗೆ ಹೋಗಲಿ. ಹೊಸ ಮೆಸೇಜ್ ಬಂದಾಗಲೆಲ್ಲ ಅವು ಮೇಲೆದ್ದು ಬರುತ್ತಿದ್ದರೆ Settings > Chats ಒಳಗೆ Keep chats archived ಆನ್ ಮಾಡಿ.

ಮ್ಯೂಟ್ ಆದ ಗ್ರೂಪಿನಲ್ಲೂ ಯಾರಾದರೂ @ ಹಾಕಿ ನಿಮ್ಮ ಹೆಸರು ಬರೆದರೆ, ಅಥವಾ ನಿಮ್ಮ ಮೆಸೇಜಿಗೇ ಉತ್ತರಿಸಿದರೆ ಫೋನ್ ತಿಳಿಸುತ್ತದೆ. ಆದರೆ ರಜೆ ತಿಳಿಸುವ ಟೀಚರ್ ಒಬ್ಬೊಬ್ಬರ ಹೆಸರು ಹಾಕುವುದಿಲ್ಲ. ಆದ್ದರಿಂದ ಮಳೆಗಾಲದಲ್ಲಿ ಎರಡು ಹೊತ್ತು ನೀವೇ ನೋಡಬೇಕು: ರಾತ್ರಿ ಮಲಗುವ ಮೊದಲು ಒಮ್ಮೆ, ಬೆಳಿಗ್ಗೆ ಟಿಫಿನ್ ಕಟ್ಟುವ ಮೊದಲು ಒಮ್ಮೆ.

ಬೆಳಿಗ್ಗೆ ಗ್ರೂಪಿನಲ್ಲಿ 140 ಮೆಸೇಜ್ ಬಿದ್ದಿವೆ ಅಂತಿಟ್ಟುಕೊಳ್ಳಿ. ಒಂದೊಂದೇ ಓದುವುದು ಬೇಡ. ಸಾಲಾಗಿ "ಓಕೆ ಮೇಡಂ", ಕೈಮುಗಿದ ಗುರುತು ಎಲ್ಲಿ ಬಿದ್ದಿವೆಯೋ ಅದರ ಮೇಲ್ಗಡೆಯೇ ಮುಖ್ಯ ಮೆಸೇಜ್ ಇರುತ್ತದೆ. ಯಾರಾದರೂ ಅದನ್ನೇ ಹಿಡಿದು ಉತ್ತರ ಕೊಟ್ಟಿದ್ದರೆ ಆ ಉತ್ತರದ ಮೇಲಿನ ಚಿಕ್ಕ ಪೆಟ್ಟಿಗೆಯನ್ನು ಒತ್ತಿ, ಮೂಲ ಮೆಸೇಜಿಗೇ ಹೋಗುತ್ತೀರಿ.

ಸರ್ಚ್ ಕೂಡ ಒಳ್ಳೆಯದು, ಆದರೆ "ರಜೆ" ಅಂತ ಒಮ್ಮೆ ಹುಡುಕಿ ಬಿಡಬೇಡಿ. `raje`, `holiday` ಎರಡನ್ನೂ ಹುಡುಕಿ, ಹೆಚ್ಚಿನವರು ಬರೆಯುವುದು ಇಂಗ್ಲಿಷ್ ಅಕ್ಷರದಲ್ಲಿ. ಜಿಲ್ಲಾಧಿಕಾರಿಗಳ ಆದೇಶ ಫೋಟೋ ಆಗಿ ಬಂದರೆ ಅದರೊಳಗಿನ ಅಕ್ಷರ ಈ ಸರ್ಚ್‌ಗೆ ಸಿಗುವುದಿಲ್ಲ. ಆಗ ಗ್ರೂಪಿನ ಹೆಸರು ಒತ್ತಿ ಫೋಟೋಗಳ ಪಟ್ಟಿ ನೋಡಿ. ಪಿಡಿಎಫ್ ಆದರೆ Docs ಒಳಗೆ ಇರುತ್ತದೆ. ಫೋಟೋ ಸಿಕ್ಕಿದ ಮೇಲೆ ತಾರೀಕು ಓದಲೇಬೇಕು, ಹಳೆಯ ವರ್ಷದ ಆದೇಶಗಳು ಪ್ರತಿ ಮಳೆಗಾಲ ತಿರುಗುತ್ತವೆ. ಜಿಲ್ಲೆಯ ಹೆಸರನ್ನೂ ನೋಡಿ, ದಕ್ಷಿಣ ಕನ್ನಡದ ರಜೆ ಉಡುಪಿಗೆ ಅನ್ವಯಿಸುವುದಿಲ್ಲ. ಕೆಲವು ಸಲ ಆದೇಶ ಒಂದೆರಡು ತಾಲೂಕಿಗೆ ಮಾತ್ರ ಇರುತ್ತದೆ.

ಫೀಸಿನ ಕೊನೆಯ ದಿನದಂಥ ಮೆಸೇಜ್ ಸಿಕ್ಕಿದರೆ ಒತ್ತಿ ಹಿಡಿದು Pin ಮಾಡಿ, ಅವಧಿ ಕೇಳಿದಾಗ 7 ದಿನ ಕೊಟ್ಟರೆ ಅಷ್ಟು ದಿನ ಗ್ರೂಪಿನ ತಲೆಯಲ್ಲೇ ಎಲ್ಲರಿಗೂ ಕಾಣುತ್ತದೆ. ಅಡ್ಮಿನ್‌ಗಳಿಗೆ ಮಾತ್ರ ಆ ಅನುಮತಿ ಇದ್ದರೆ Star ಹಾಕಿ, ಅದು ನಿಮಗೊಬ್ಬರಿಗೆ ಕಾಣುತ್ತದೆ.