ಕೀಲಿ ಕೊಡುವ ವಾಚು ಹೋದಾಗ ಆ ಕೆಲಸ ಎಲ್ಲಿಗೆ ಹೋಯಿತು?

ಪ್ರಶ್ನೆ: ನಮ್ಮ ತಂದೆ ಜಾಲಹಳ್ಳಿ ಕಡೆ ವಾಚ್ ರಿಪೇರಿ ಮಾಡುತ್ತಿದ್ದರು. ಸೆಲ್ ವಾಚುಗಳು ಬಂದ ಮೇಲೆ ಅಂಗಡಿ ಮುಚ್ಚಬೇಕಾಯಿತು. ಹೊಸ ತಂತ್ರಜ್ಞಾನ ಹೊಸ ಉದ್ಯೋಗ ತರುತ್ತದೆ ಎನ್ನುತ್ತಾರಲ್ಲ, ಅದು ಅವರಿಗೇಕೆ ಸಿಗಲಿಲ್ಲ?

ಉತ್ತರ: ವಾಚಿನ ಹಿಂಬದಿ ಮುಚ್ಚಳ ತೆಗೆದರೆ ಅರ್ಧ ಉತ್ತರ ಅಲ್ಲೇ ಕಾಣುತ್ತದೆ. ಕೀಲಿ ಕೊಡುವ ವಾಚಿನಲ್ಲಿ ಸುತ್ತಿದ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತಾ ಹಲ್ಲುಚಕ್ರಗಳನ್ನು ತಿರುಗಿಸುತ್ತದೆ. ಬ್ಯಾಲೆನ್ಸ್ ವೀಲ್ ಸೆಕೆಂಡಿಗೆ ಐದಾರು ಸಲ ಆಡುತ್ತಾ ಆ ವೇಗವನ್ನು ಹಿಡಿದಿಡುತ್ತದೆ. ಎಣ್ಣೆ ಒಣಗಿದರೆ ವಾಚು ತಡವಾಗುತ್ತದೆ. ಬ್ಯಾಲೆನ್ಸ್ ವೀಲ್‌ನ ಕೂದಲೆಳೆಯಂಥ ಸ್ಪ್ರಿಂಗಿಗೆ ಅಯಸ್ಕಾಂತ ತಾಗಿ ಸುರುಳಿಗಳು ಅಂಟಿಕೊಂಡರೆ ಮುಂದೆ ಓಡುತ್ತದೆ. ನಿಮ್ಮ ತಂದೆಯವರ ಸಂಪಾದನೆ ನಿಂತಿದ್ದು ಇಂಥ ದೋಷಗಳ ಮೇಲೆ.

ಸೆಲ್ ವಾಚಿನಲ್ಲಿ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಸರ್ಕ್ಯೂಟ್ ಅದನ್ನು ಹದಿನೈದು ಸಲ ಅರ್ಧರ್ಧ ಮಾಡಿ ಸೆಕೆಂಡಿಗೆ ಒಂದೇ ಮಿಡಿತಕ್ಕೆ ಇಳಿಸುತ್ತದೆ; ಆ ಮಿಡಿತಕ್ಕೆ ಪುಟ್ಟ ಮೋಟಾರು ಮುಳ್ಳನ್ನು ಸರಿಸುತ್ತದೆ. ಹಳೆಯ ವಾಚು ಒಂದು ದಿನದಲ್ಲಿ ತಪ್ಪುವಷ್ಟನ್ನು ಇದು ತಿಂಗಳಿಗೆ ತಪ್ಪುತ್ತದೆ. ಹೊಂದಿಸಬೇಕಾದ ಸ್ಪ್ರಿಂಗೇ ಇಲ್ಲ. ರಿಪೇರಿಯವರಿಗೆ ಉಳಿದದ್ದು ಬಹುಮಟ್ಟಿಗೆ ಸೆಲ್ ಬದಲಿಸುವುದು. ಅರ್ಥಶಾಸ್ತ್ರಜ್ಞ ಜೋಸೆಫ್ ಶುಂಪೀಟರ್ 1942ರಲ್ಲಿ, ಹೊಸದು ಹಳೆಯದನ್ನು ಕೆಡವಿ ಬೆಳೆಯುವುದನ್ನು 'ಸೃಜನಾತ್ಮಕ ವಿನಾಶ' ಎಂದು ಬರೆದಾಗ ಅವರ ಮನಸ್ಸಿನಲ್ಲಿದ್ದದ್ದು ಇಂಥ ಪೆಟ್ಟು. ಪಕ್ಕದ ಅಂಗಡಿಯವರು ಹತ್ತು ರೂಪಾಯಿ ಕಡಿಮೆ ಕೇಳಿದರೆ ತಾಳಿಕೊಳ್ಳಬಹುದು, ಕಸುಬಿನ ಬುಡವೇ ಇಲ್ಲವಾದರೆ ಆಗದು.

ಕಾರ್ಖಾನೆಗಳಿಗೂ ಇದೇ ಆಯಿತು. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ವಾಚು ತಯಾರಿಸತೊಡಗಿತು. ಮುಂದೆ ಕ್ವಾರ್ಟ್ಜ್ ವಾಚನ್ನೂ ಮಾಡಿತು. ಆದರೆ ಪೂರ್ತಿ ಅತ್ತ ವಾಲಿದ್ದರೆ ತನ್ನದೇ ಯಂತ್ರಗಳನ್ನೂ ಕೆಲಸಗಾರರ ಕೌಶಲವನ್ನೂ ಮೂಲೆಗೆ ತಳ್ಳಬೇಕಿತ್ತು. 1984ರಲ್ಲಿ ಹುಟ್ಟಿದ ಟೈಟಾನ್‌ಗೆ ಆ ಹೊರೆ ಇರಲಿಲ್ಲ. ಹೊಸೂರಿನ ಕಾರ್ಖಾನೆಯಿಂದ ಕ್ವಾರ್ಟ್ಜ್ ವಾಚನ್ನೇ ನೆಚ್ಚಿ ಹೊರಟಿತು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದು 2016ರಲ್ಲಿ.

ಹೊಸ ಕೆಲಸಗಳೇನೋ ಹುಟ್ಟಿದವು: ಸರ್ಕ್ಯೂಟ್ ಜೋಡಣೆ, ವಿನ್ಯಾಸ, ಶೋರೂಂ ಮಾರಾಟ, ಆಮೇಲೆ ಟೈಟಾನ್ ಕಂಪನಿಯದೇ ಆಭರಣ ವ್ಯಾಪಾರ. ಆದರೆ ಅವು ಬೇರೆ ಊರಲ್ಲಿ, ಬೇರೆ ಕೈಚಳಕ ಬೇಡುವವು, ಹೆಚ್ಚಾಗಿ ಹರೆಯದವರನ್ನು ಕರೆಯುವವು. ಅಗ್ಗದ, ನಿಖರವಾದ ವಾಚಿನ ಲಾಭ ಕೊಂಡವರೆಲ್ಲರಿಗೂ ಚೂರುಚೂರಾಗಿ ಹಂಚಿಹೋಯಿತು. ನಷ್ಟ ಮಾತ್ರ ಇಡಿಯಾಗಿ ನಿಮ್ಮ ತಂದೆಯವರಂಥ ಒಬ್ಬೊಬ್ಬರ ಮೇಲೆ ಬಿತ್ತು. ಒಟ್ಟು ಉದ್ಯೋಗದ ಲೆಕ್ಕದಲ್ಲಿ ಇದು ಕಾಣುವುದಿಲ್ಲ. ಮರುತರಬೇತಿಯ ಖರ್ಚನ್ನು ಸಮಾಜ ಹೊರಬೇಕೆಂದು ನಾನು ಹೇಳುವುದು ಅದಕ್ಕಾಗಿಯೇ.

ನಿಮ್ಮ ಈಗಿನ ಕಸುಬಿನ ಬಗ್ಗೆ ತಿಳಿಯಬೇಕಿದ್ದರೆ, ಗಿರಾಕಿ ಕಡಿಮೆಯಾದರೇ ಎಂದಷ್ಟೇ ನೋಡಬೇಡಿ. ನೀವು ಸರಿಪಡಿಸುವ ಭಾಗ ಹೊಸ ಮಾದರಿಯಲ್ಲಿ ಇದೆಯೇ, ಅದರ ಬಿಡಿಭಾಗ ಇನ್ನೂ ಸರಬರಾಜಾಗುತ್ತಿದೆಯೇ, ಕಲಿಯಲು ಹೊಸ ಹುಡುಗರು ಬರುತ್ತಿದ್ದಾರೆಯೇ ಎಂದು ನೋಡಿ. ತಂದೆಯವರ ಚಿಮುಟ, ಭೂತಕನ್ನಡಿ ಇನ್ನೂ ಇದ್ದರೆ ಮಾರಬೇಡಿ. ಹಳೆಯ ಎಚ್‌ಎಂಟಿ ವಾಚುಗಳನ್ನು ಸಂಗ್ರಹಿಸುವವರು ಇದ್ದಾರೆ, ಅವನ್ನು ಪೂರ್ತಿ ಬಿಚ್ಚಿ ತೊಳೆದು ಎಣ್ಣೆ ಹಾಕಿ ವೇಳೆ ಹೊಂದಿಸಿಕೊಡುವ ಕೈಗಳು ಕಡಿಮೆ. ಬೀದಿಗೊಂದು ಅಂಗಡಿ ನಡೆಯುವಷ್ಟು ಕೆಲಸ ಅದಲ್ಲ, ಕೆಲವರಿಗೆ ಮಾತ್ರ ಸಾಲುತ್ತದೆ.