ನಿಶ್ಚಿತಾರ್ಥಕ್ಕೂ ಮದುವೆಗೂ ನಡುವೆ: ಒಂದು ಜಾಮೀನಿನ ಸಹಿ

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಸುಮಾಗೆ 29 ವರ್ಷ, ಶಾಲಾ ಶಿಕ್ಷಕಿ. ಸಲಹೆ ಕೇಳಲು ನನ್ನ ಬಳಿ ಬಂದಾಗ ಗಿರೀಶ್ ಜೊತೆ ನಿಶ್ಚಿತಾರ್ಥವಾಗಿ ಮೂರು ವಾರ ಕಳೆದಿತ್ತು, ಕಲ್ಯಾಣ ಮಂಟಪಕ್ಕೆ ಮುಂಗಡ ಕೊಡುವುದು ಬಾಕಿ ಇತ್ತು. ಹಿಂದೆ ನಾಲ್ಕು ವರ್ಷ ಸಹೋದ್ಯೋಗಿಯೊಬ್ಬರನ್ನು ಪ್ರೀತಿಸಿದ್ದರು. ಜಾತಿ ಬೇರೆಯೆಂದು ಎರಡೂ ಮನೆಯವರು ಒಪ್ಪದೆ ಅದು ಮುರಿದಿತ್ತು. "ಮೇಡಂ, ಎಲ್ಲವನ್ನೂ ಗಿರೀಶ್ ಅವರಿಗೆ ಹೇಳಿಬಿಡುತ್ತೇನೆ. ಒಂದು ಮಾತನ್ನೂ ಮುಚ್ಚಿಡುವುದಿಲ್ಲ" ಎನ್ನುತ್ತಾ ಅವರು ಒಂದು ನೋಟ್‌ಬುಕ್ ತೆರೆದರು. ಎಲ್ಲಿಗೆ ಹೋಗಿದ್ದೆವು, ಎಷ್ಟು ಹತ್ತಿರವಾಗಿದ್ದೆವು, ಯಾವ ಊರಿನಲ್ಲಿ ಉಳಿದಿದ್ದೆವು ಎಂದೆಲ್ಲ ಏಳು ಪುಟ ಬರೆದಿದ್ದರು.

ಆ ಪುಟಗಳನ್ನು ನಾನು ಓದಲಿಲ್ಲ. "ಇದನ್ನು ಕೇಳಿದ ಮೇಲೆ ಗಿರೀಶ್ ಏನನ್ನು ತೀರ್ಮಾನಿಸಬೇಕು?" ಎಂದು ಮಾತ್ರ ಕೇಳಿದೆ. ಬಹಳ ಹೊತ್ತಿನ ನಂತರ "ನನ್ನ ಭಾರ ಇಳಿಯುತ್ತದೆ" ಎಂದರು. ಆ ಭಾರ ಇಳಿದು ಹೋಗಿ ಕೂರುವುದು ಗಿರೀಶ್ ಹೆಗಲ ಮೇಲೆ. ಇಂಥ ವಿವರಗಳನ್ನು ಕೇಳಿದವರು ಅವನ್ನು ಚಿತ್ರಗಳಾಗಿ ಉಳಿಸಿಕೊಂಡು, ಮದುವೆಯಾಗಿ ವರ್ಷಗಳಾದ ಮೇಲೂ ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದನ್ನು ನಾನು ಕಂಡಿದ್ದೇನೆ.

ಸಂಗಾತಿಗೆ ಹೇಳಲೇಬೇಕಾದ ಸಂಗತಿ ಯಾವುದೆಂದು ಅಳೆಯಲು ನಾನು ಬಳಸುವ ಪ್ರಶ್ನೆ ಒಂದೇ: ಇದು ಅವರ ನಾಳೆಯನ್ನು ಮುಟ್ಟುತ್ತದೆಯೇ? ಅವರ ದೇಹವನ್ನು ಮುಟ್ಟುವ ಸೋಂಕು, ಕಾನೂನಿನ ಪ್ರಕಾರ ಇನ್ನೂ ಮುಗಿಯದ ಹಿಂದಿನ ಮದುವೆ, ನಡೆಯುತ್ತಿರುವ ಪ್ರಕರಣ, ತೀರದ ಸಾಲ, ಎಂದಾದರೂ ಮನೆ ಬಾಗಿಲಿಗೆ ಬರಬಹುದಾದ ವ್ಯಕ್ತಿ. ಇವುಗಳಲ್ಲಿ ಯಾವುದಾದರೂ ಇದೆಯೇ ಎಂದು ಒಂದೊಂದಾಗಿ ಕೇಳುತ್ತಾ ಹೋದೆ. ಸಾಲದ ಮಾತು ಬಂದಾಗ ಅವರು "ನನ್ನದಲ್ಲ, ಅವರದು" ಎಂದರು.

ಸಹಕಾರ ಸಂಘವೊಂದರಲ್ಲಿ ಆ ಸಹೋದ್ಯೋಗಿ ತೆಗೆದುಕೊಂಡಿದ್ದ ಮೂರೂವರೆ ಲಕ್ಷ ರೂಪಾಯಿ ಸಾಲಕ್ಕೆ ಸುಮಾ ಜಾಮೀನು ಹಾಕಿದ್ದರು. ಐದು ಕಂತು ಬಾಕಿಯಾಗಿ ಅವರ ಹೆಸರಿಗೂ ನೋಟಿಸ್ ಬಂದಿತ್ತು. ಅದನ್ನು ಬೀರುವಿನಲ್ಲಿಟ್ಟು ಮರೆತಿದ್ದರು. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಒಪ್ಪಂದದಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಜಾಮೀನುದಾರರ ಹೊಣೆ ಸಾಲಗಾರರಷ್ಟೇ ಇರುತ್ತದೆ. ಪ್ರೀತಿ ಮುರಿದರೆ ಸಹಿ ಮುರಿಯುವುದಿಲ್ಲ. ಗಿರೀಶ್ ಮತ್ತು ಸುಮಾ ಇಬ್ಬರ ಸಂಬಳ ಸೇರಿಸಿ ಮನೆ ಕಟ್ಟುವ ಲೆಕ್ಕ ಹಾಕಿದ್ದರು. ಏಳು ಪುಟಗಳಲ್ಲಿ ಈ ಸಾಲದ ಬಗ್ಗೆ ಒಂದು ಸಾಲೂ ಇರಲಿಲ್ಲ.

ಮಂಟಪಕ್ಕೆ ಮುಂಗಡ ಕೊಡುವ ಮೊದಲೇ ಹೇಳಿ ಎಂದು ಸಲಹೆ ಕೊಟ್ಟೆ. ಖರ್ಚಾದಷ್ಟೂ, ಕರೆಯೋಲೆ ಹಂಚಿದಷ್ಟೂ "ಬೇಡ" ಎನ್ನುವ ಅವಕಾಶ ಗಿರೀಶ್ ಅವರಿಗೆ ಕಿರಿದಾಗುತ್ತದೆ. ಫೋನಿನಲ್ಲಿ ಬೇಡ, ಹಿರಿಯರ ಮುಂದೆ ಬೇಡ, ನೋಟಿಸಿನ ಪ್ರತಿ ಕೈಯಲ್ಲಿರಲಿ. ಇನ್ನೊಂದು ಮಾತನ್ನು ಒತ್ತಿ ಹೇಳಿದೆ: ಇಂದು "ಬರೀ ಸ್ನೇಹ", ಮುಂದಿನ ವಾರ "ಸ್ವಲ್ಪ ಪ್ರೀತಿ", ಆಮೇಲೆ "ಸಾಲವೂ ಇದೆ" ಎಂದು ಸತ್ಯವನ್ನು ಕಂತಿನಲ್ಲಿ ಕಟ್ಟಬೇಡಿ. ಪ್ರತಿ ಹೊಸ ಕಂತಿಗೂ ಕೇಳುವವರು ಇನ್ನೇನು ಉಳಿದಿದೆಯೋ ಎಂದು ಹಳೆಯ ಮಾತುಗಳನ್ನೆಲ್ಲ ಮತ್ತೆ ಅನುಮಾನಿಸುತ್ತಾರೆ.

ಇಬ್ಬರೂ ಕೂತು ಮಾತನ್ನು ಸಿದ್ಧಪಡಿಸಿದೆವು: "ನಾನು ಒಬ್ಬರನ್ನು ನಾಲ್ಕು ವರ್ಷ ಪ್ರೀತಿಸಿದ್ದೆ, ಅದು ಮುಗಿದು ಎರಡು ವರ್ಷವಾಯಿತು. ಅವರ ಸಾಲಕ್ಕೆ ನಾನು ಜಾಮೀನು ಇದ್ದೇನೆ, ಅದು ಮುಗಿದಿಲ್ಲ." ದೈಹಿಕ ಸಂಬಂಧದ ಬಗ್ಗೆ ಕೇಳಿದರೆ ಸುಳ್ಳು ಹೇಳಬಾರದು, ವಿವರಿಸಬೇಕಾಗಿಯೂ ಇಲ್ಲ. "ಹತ್ತಿರವಿದ್ದೆವು. ನಿಮ್ಮ ಆರೋಗ್ಯಕ್ಕೆ ಸಂಬಂಧಿಸಿದ್ದನ್ನು ಕೇಳಿ, ಪರೀಕ್ಷೆಗೂ ಸಿದ್ಧಳಿದ್ದೇನೆ. ಉಳಿದದ್ದು ನನ್ನದು, ಅವರದು" ಎನ್ನಬಹುದು. ಆ ಕಥೆಯಲ್ಲಿ ಮೂರನೆಯವರ ಮಾನವೂ ಇದೆ.

ಅವರು ಭಾನುವಾರ ಹೇಳಿದರು. ಗಿರೀಶ್ ಪ್ರೀತಿಯ ಬಗ್ಗೆ ಎರಡು ಪ್ರಶ್ನೆ ಕೇಳಿ ಸುಮ್ಮನಾದರಂತೆ. ನೋಟಿಸನ್ನು ಮಾತ್ರ ಎರಡು ಸಲ ಓದಿ, "ಇದು ಬಂದು ಐದು ತಿಂಗಳಾಗಿದೆ, ನನಗೆ ಈಗ ಹೇಳುತ್ತಿದ್ದೀರಾ?" ಎಂದರಂತೆ. ನಾಲ್ಕು ದಿನ ಮಾತನಾಡಲಿಲ್ಲ. ಆ ನಾಲ್ಕು ದಿನ ಸುಮಾ ನನಗೆ ದಿನವೂ ಕರೆ ಮಾಡುತ್ತಿದ್ದರು. ಮತ್ತೆ ಮತ್ತೆ ಸಂದೇಶ ಕಳುಹಿಸಿ ಕ್ಷಮೆ ಬೇಡಬೇಡಿ, ಯೋಚಿಸಲು ಬಿಡಿ ಎಂದು ತಡೆದೆ.

ಐದನೆಯ ದಿನ ಇಬ್ಬರೂ ಸಂಘದ ಕಚೇರಿಗೆ ಹೋದರು. ಬಾಕಿ ಎಷ್ಟೆಂದು ಬರವಣಿಗೆಯಲ್ಲಿ ಪಡೆದು, ಸಾಲಗಾರರನ್ನು ಕರೆಸುವಂತೆ ಅರ್ಜಿ ಕೊಟ್ಟರು. ಮದುವೆಯನ್ನು ಎರಡು ತಿಂಗಳು ಮುಂದಕ್ಕೆ ಹಾಕಿದ್ದಾರೆ. ಗಿರೀಶ್ ಅವರಿಗೆ ಇನ್ನೂ ಪೂರ್ತಿ ಸಮಾಧಾನವಾಗಿಲ್ಲ, ಮುಂದಿನ ಭೇಟಿಗೆ ತಾವೂ ಬರುತ್ತೇನೆಂದು ಹೇಳಿ ಕಳುಹಿಸಿದ್ದಾರೆ.