ಹಸು ಮಲಗಿ ಮೆಲುಕು ಹಾಕುವುದೇಕೆ?

"ನಮ್ಮ ಹಸು ಹಟ್ಟಿಯಲ್ಲಿ ಗಂಟೆಗಟ್ಟಲೆ ಸುಮ್ನೆ ಮಲಗಿ ಬಾಯಾಡಿಸ್ತಾ ಇರುತ್ತೆ, ಯಾಕೆ?"

ಮೇಯುವಾಗ ಹಸು ಹುಲ್ಲನ್ನು ಸರಿಯಾಗಿ ಅಗಿಯದೆ ನುಂಗುತ್ತದೆ. ಅದು ಎಡಬದಿಯ ದೊಡ್ಡ ಹೊಟ್ಟೆಯಲ್ಲಿ ನೆನೆಯುತ್ತದೆ. ಅಲ್ಲಿರುವ ಸೂಕ್ಷ್ಮಜೀವಿಗಳು ನಾರನ್ನು ಕೊಳೆಯಿಸುತ್ತವೆ, ಆದರೆ ಉದ್ದನೆಯ ಬೈಹುಲ್ಲು ಹಾಗೆಯೇ ಬೇಗ ಕರಗುವುದಿಲ್ಲ. ಹಾಗಾಗಿ ಹಸು ನಿರಾಳವಾಗಿ ಮಲಗಿ ಒಂದೊಂದೇ ಉಂಡೆಯನ್ನು ಬಾಯಿಗೆ ತಂದು, ಸುಮಾರು 40ರಿಂದ 60 ಸಲ ಅಗಿದು ಮತ್ತೆ ನುಂಗುತ್ತದೆ. ನೋಡಿ, ಕುತ್ತಿಗೆಯಲ್ಲಿ ಉಂಡೆ ಮೇಲೇರುವುದು ಕಾಣುತ್ತದೆ. ದಿನಕ್ಕೆ ಏಳೆಂಟು ಗಂಟೆ ಇದಕ್ಕೇ ಹೋಗುತ್ತದೆ.

ಜೊಲ್ಲಿನ ಕೆಲಸ ಇನ್ನೂ ದೊಡ್ಡದು. ಮೆಲುಕು ಹಾಕುವಾಗ ಜೊಲ್ಲು ಧಾರಾಳವಾಗಿ ಸುರಿಯುತ್ತದೆ. ದೊಡ್ಡ ಹಾಲಿನ ಹಸುವಿನಲ್ಲಿ ದಿನಕ್ಕೆ 100 ಲೀಟರಿಗೂ ಜಾಸ್ತಿ! ನಮ್ಮ ಪುಟ್ಟ ತಳಿ ಕಾಸರಗೋಡು ಗಿಡ್ಡದಲ್ಲಿ ಅಷ್ಟಿರದು. ಜೊಲ್ಲಿನಲ್ಲಿರುವ ಸೋಡಾದಂಥ ಕ್ಷಾರ ಹೊಟ್ಟೆಯ ಹುಳಿಯನ್ನು ಹದದಲ್ಲಿಡುತ್ತದೆ.

ಹಲಸಿನ ಕಾಲದಲ್ಲಿ ಈ ಹದ ತಪ್ಪುವುದುಂಟು. ತೋಟದಲ್ಲಿ ಬಿದ್ದ ಹಣ್ಣನ್ನು ಹಸು ಹೊಟ್ಟೆ ಬಿರಿಯುವಷ್ಟು ತಿಂದರೆ ಸಕ್ಕರೆಯೆಲ್ಲ ಬೇಗನೆ ಆಮ್ಲವಾಗುತ್ತದೆ. ಹಣ್ಣಿನಲ್ಲಿ ಅಗಿಯುವಂಥ ನಾರು ಕಡಿಮೆ, ಹಾಗಾಗಿ ಜೊಲ್ಲೂ ಸಾಲುವುದಿಲ್ಲ. ಮೊದಲು ಮೆಲುಕು ನಿಲ್ಲುತ್ತದೆ. ಆಮೇಲೆ ಹುಳಿ ವಾಸನೆಯ ತೆಳು ಸಗಣಿ, ಮಂಕು, ತೂರಾಟ.

ಅನುಮಾನ ಬಂದರೆ ಎಡಪಕ್ಕೆಯ ಹಿಂದಿನ ಗುಳಿಗೆ ಮುಷ್ಟಿ ಒತ್ತಿ ಹಿಡಿಯಿರಿ. ಸರಿಯಿದ್ದರೆ ನಿಮಿಷಕ್ಕೆ ಒಂದೆರಡು ಸಲ ಹೊಟ್ಟೆ ಉಬ್ಬಿ ಕೈಯನ್ನು ತಳ್ಳುತ್ತದೆ. ಏನೂ ತಿಳಿಯದಿದ್ದರೆ, ಮೆಲುಕೂ ನಿಂತಿದ್ದರೆ, ಮರುದಿನಕ್ಕೆ ಕಾಯಬೇಡಿ. ಕೂಡಲೇ ಪಶುವೈದ್ಯರನ್ನು ಕರೆಸಿ.